ಬೀಮ್‌ಫಾರ್ಮಿಂಗ್ ಗಾಳಿಗೆ ಮದ್ದಲ್ಲ

‘ಬೀಮ್‌ಫಾರ್ಮಿಂಗ್ ಮೈಕ್ ಇದೆ, ಗಾಳಿಯಲ್ಲೂ ಕಾಲ್ ಕ್ಲಿಯರ್.’ ಇಯರ್‌ಬಡ್ಸ್ ಮಾರುವವರೂ ರಿವ್ಯೂ ಮಾಡುವವರೂ ಇದನ್ನೇ ಹೇಳುತ್ತಾರೆ. ಮೊನ್ನೆ ಮತ್ತೊಂದು ಕನ್ನಡ ವಿಡಿಯೊದಲ್ಲೂ ಇದೇ ಮಾತು ಕೇಳಿತು. ಈ ಮಾತು ತಪ್ಪು. ಬೀಮ್‌ಫಾರ್ಮಿಂಗ್ ಅಂದರೆ ಒಂದಕ್ಕಿಂತ ಹೆಚ್ಚು ಮೈಕ್‌ಗಳ ಸಿಗ್ನಲ್ ಬಳಸಿ, ಒಂದು ದಿಕ್ಕಿನ ಸದ್ದು ಉಳಿಸಿ ಬೇರೆ ದಿಕ್ಕಿನದನ್ನು ತಗ್ಗಿಸುವ ಲೆಕ್ಕ. ಅದು ಗಾಳಿ ಸದ್ದನ್ನು ತಡೆಯುವುದಿಲ್ಲ, ಸುಮ್ನೆ ಬಿಟ್ಟರೆ ಜಾಸ್ತಿಯೇ ಮಾಡುತ್ತದೆ. (ಹೊರಗಿನ ಸದ್ದು ನಿಮಗೆ ಕೇಳದ ಹಾಗೆ ತಗ್ಗಿಸುವ ಎಎನ್‌ಸಿಯನ್ನು ಇದರ ಜೊತೆ ಬೆರೆಸುವವರೂ ಇದ್ದಾರೆ. ಎಎನ್‌ಸಿ ಇರುವುದು ನಿಮ್ಮ ಕಿವಿಗೆ. ಆ ಕಡೆ ಇರುವವರಿಗೆ ಏನು ಕೇಳಿಸುತ್ತದೆ ಅನ್ನುವುದು ಬೇರೆ ಲೆಕ್ಕ.)

ಒಂದು ಬಡ್‌ನ ಹೊರಮೈಯಲ್ಲಿ ಎರಡು ಮೈಕ್ ಇವೆ ಅಂದುಕೊಳ್ಳಿ. ಒಂದು ಬಾಯಿಯ ಕಡೆ, ಇನ್ನೊಂದು ಹಿಂದೆ, ನಡುವೆ 2 ಸೆಂಟಿಮೀಟರ್. ಶಬ್ದ ಈ ದೂರ ದಾಟಲು ಸುಮಾರು 58 ಮೈಕ್ರೊಸೆಕೆಂಡ್ ಬೇಕು. ನಿಮ್ಮ ಮಾತು ಮುಂದಿನ ಮೈಕ್‌ಗೆ ಮೊದಲು ಸಿಗುತ್ತದೆ, ಹಿಂದಿನ ಬಸ್ಸಿನ ಸದ್ದು ಹಿಂದಿನ ಮೈಕ್‌ಗೆ ಮೊದಲು ಸಿಗುತ್ತದೆ. ಈಗ ಹಿಂದಿನ ಮೈಕ್‌ನ ಸಿಗ್ನಲ್ಲನ್ನು 58 ಮೈಕ್ರೊಸೆಕೆಂಡ್ ತಡಮಾಡಿ, ಮುಂದಿನದರಿಂದ ಕಳೆಯಿರಿ. ಬಸ್ಸಿನ ಸದ್ದು ಎರಡರಲ್ಲೂ ಒಂದೇ ಥರ ಇರುವುದರಿಂದ ವಜಾ ಆಗುತ್ತದೆ. ಮಾತು ಉಳಿಯುತ್ತದೆ. ಇಷ್ಟು ಪುಟ್ಟ ಬಡ್‌ನಲ್ಲಿ ಬೀಮ್‌ಫಾರ್ಮಿಂಗ್ ಅಂದರೆ ಮುಖ್ಯವಾಗಿ ಈ ಕಳೆಯುವ ಲೆಕ್ಕವೇ.

ಇದಕ್ಕೊಂದು ಬೆಲೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಮಾತಿನಲ್ಲಿ 200 ಹರ್ಟ್ಜ್‌ನ ದಪ್ಪ ಸ್ವರದ ಅಲೆ ಒಂದೂಮುಕ್ಕಾಲು ಮೀಟರ್ ಉದ್ದ. 2 ಸೆಂಟಿಮೀಟರ್ ಅಂತರದಲ್ಲಿ ಅದು ಎರಡೂ ಮೈಕ್‌ಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಹಾಗಾಗಿ ಕಳೆದಾಗ ಬಸ್ಸಿನ ಜೊತೆ ನಿಮ್ಮ ಮಾತಿನ ಆ ಭಾಗವೂ ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದನಿ ತೆಳ್ಳಗಾಗಬಾರದು ಅಂದರೆ ಆ ಕೆಳಗಿನ ಸ್ವರಗಳನ್ನು ಮತ್ತೆ ಏಳು ಪಟ್ಟು ಎತ್ತಬೇಕು.

ಈಗ ಗಾಳಿಗೆ ಬನ್ನಿ. ಹೆಬ್ಬಾಳ ಫ್ಲೈಓವರ್ ಮೇಲೆ ಆಟೋದಲ್ಲಿ ಹೋಗುತ್ತಾ ಕಾಲ್ ಮಾಡುತ್ತಿದ್ದೀರಿ. ಪಕ್ಕದಿಂದ ಗಾಳಿ ಬಡಿಯುತ್ತಿದೆ. ಆ ‘ಭರ್ರ್’ ಸದ್ದು ದೂರದಿಂದ ಬಂದದ್ದಲ್ಲ, ಮೈಕ್‌ನ ತೂತಿನ ಬಾಯಲ್ಲೇ ಗಾಳಿ ಸುಳಿಸುಳಿಯಾಗಿ ಒತ್ತಿದ್ದರಿಂದ ಹುಟ್ಟಿದ್ದು. ಎರಡು ತೂತುಗಳ ಹತ್ತಿರ ಸುಳಿಗಳು ಬೇರೆಬೇರೆ, ಒಂದಕ್ಕೊಂದು ತಾಳೆಯೇ ಇಲ್ಲ. ತಾಳೆ ಇಲ್ಲದ್ದನ್ನು ಕಳೆದರೆ ವಜಾ ಆಗುವುದಿಲ್ಲ, ಸುಮಾರು 1.4 ಪಟ್ಟು ಬೆಳೆಯುತ್ತದೆ. ಅದರ ಮೇಲೆ ಆ ಏಳು ಪಟ್ಟು ಎತ್ತುವಿಕೆ. ಒಟ್ಟಾರೆ 200 ಹರ್ಟ್ಜ್ ಹತ್ತಿರ ಗಾಳಿ ಸದ್ದು, ಒಂದೇ ಮೈಕ್ ಇದ್ದಾಗಿನದಕ್ಕಿಂತ ಸುಮಾರು ಹತ್ತು ಪಟ್ಟು! ಗಾಳಿಯ ಜೋರೆಲ್ಲ ಇರುವುದೂ ಈ ಕೆಳಗಿನ ಸ್ವರಗಳಲ್ಲೇ.

ಹಾಗಾದರೆ ಒಳ್ಳೆಯ ಬಡ್‌ಗಳು ಏನು ಮಾಡುತ್ತವೆ? ಎರಡು ಮೈಕ್‌ಗಳ ಕೆಳಗಿನ ಸ್ವರ ಎಷ್ಟು ತಾಳೆಯಾಗುತ್ತದೆ ಅಂತ ನೋಡುತ್ತಲೇ ಇರುತ್ತವೆ. ತಾಳೆ ತಪ್ಪಿತು ಅಂದರೆ ಗಾಳಿ ಬಂತು ಅಂತ ಅರ್ಥ. ಆಗ ಆ ಭಾಗದಲ್ಲಿ ಬೀಮ್‌ಫಾರ್ಮಿಂಗ್ ಬಿಟ್ಟು, ಗಾಳಿ ಕಡಿಮೆ ಇರುವ ಒಂದೇ ಮೈಕ್‌ಗೆ ಜಾರುತ್ತವೆ. ಕೆಲವು ಬಡ್‌ಗಳು ಕಿವಿಯ ಒಳಮುಖದ ಮೈಕ್‌ನಿಂದಲೋ, ಮೂಳೆಯ ಅದುರು ಹಿಡಿಯುವ ಸೆನ್ಸರ್‌ನಿಂದಲೋ ಮಾತಿನ ದಪ್ಪ ಭಾಗ ತೆಗೆದುಕೊಳ್ಳುತ್ತವೆ. ಅಲ್ಲಿಗೆ ಗಾಳಿ ತಾಗುವುದೇ ಕಮ್ಮಿ. ಮೈಕ್ ತೂತನ್ನು ಜಾಲರಿ ಮುಚ್ಚಿ ಒಳಕ್ಕೆ ಸರಿಸಿಟ್ಟರೆ ಇನ್ನೂ ಒಳ್ಳೆಯದು. ಅಂದರೆ ಗಾಳಿಯಲ್ಲಿ ಕಾಲ್ ಉಳಿಸುವುದು ಬಹುಪಾಲು ಬೀಮ್‌ಫಾರ್ಮಿಂಗ್ ಅಲ್ಲದ ಕೆಲಸಗಳು.

ಟ್ರಾಫಿಕ್‌ನಲ್ಲಿ ಮಾತ್ರ ಬೀಮ್‌ಫಾರ್ಮಿಂಗ್‌ಗೆ ನಿಜವಾದ ಕೆಲಸ ಇದೆ. ಆದರೆ ಅಲ್ಲೂ ಮಿತಿ ಇದೆ. ಸಿಲ್ಕ್ ಬೋರ್ಡ್‌ನಲ್ಲಿ ಸದ್ದು ಒಂದು ಕಡೆಯಿಂದ ಬರುತ್ತದಾ? ಎಲ್ಲ ದಿಕ್ಕಿನಿಂದ ಸಮವಾಗಿ ಬರುವ ಸದ್ದಿನ ಶಕ್ತಿಯನ್ನು ಮೇಲೆ ಹೇಳಿದ ಲೆಕ್ಕ ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ, ಅಂದರೆ ಸುಮಾರು 5 ಡೆಸಿಬೆಲ್. ಇದು ಗೊತ್ತಾಗುವಷ್ಟು ವ್ಯತ್ಯಾಸ, ಸದ್ದೇ ಮಾಯ ಆಗುವಷ್ಟಲ್ಲ. ಎದುರಿಂದ ಬರುವ ಹಾರ್ನ್ ಮಾತಿನ ದಿಕ್ಕಿನಲ್ಲೇ ಇರುವುದರಿಂದ ನೇರ ಒಳಗೆ ಬರುತ್ತದೆ. ಜಾಹೀರಾತಿನಲ್ಲಿ ಹಾರ್ನ್ ಪೂರ್ತಿ ಮಾಯವಾದರೆ ಅದು ಆಮೇಲೆ ಸಾಫ್ಟ್‌ವೇರ್ ಮಾಡಿದ ಸದ್ದು ಅಳಿಸುವ ಕೆಲಸ. ಅದು ಅತಿಯಾದಾಗ ದನಿ ನೀರೊಳಗಿನಿಂದ ಬಂದ ಹಾಗಿರುತ್ತದೆ, ಪದಗಳ ಕೊನೆ ನುಂಗಿಹೋಗುತ್ತದೆ.

ಕೊಳ್ಳುವ ಮುಂಚೆ ಎರಡನ್ನೂ ಬೇರೆಬೇರೆ ಪರೀಕ್ಷೆ ಮಾಡಿ. ಟೇಬಲ್ ಫ್ಯಾನ್ ಪಕ್ಕಕ್ಕೆ ಕೂತು ಗೆಳೆಯರಿಗೆ ಕಾಲ್ ಮಾಡಿ, ಅವರ ಕಡೆ ‘ಭರ್ರ್’ ಕೇಳುತ್ತದಾ ಕೇಳಿ. ಆಮೇಲೆ ಫ್ಯಾನ್ ಆರಿಸಿ, ಸ್ಪೀಕರ್‌ನಲ್ಲಿ ಟ್ರಾಫಿಕ್ ಸದ್ದು ಹಾಕಿ, ಅದಕ್ಕೆ ಮುಖ ಮಾಡಿ ಒಮ್ಮೆ, ಬೆನ್ನು ಮಾಡಿ ಒಮ್ಮೆ ಮಾತಾಡಿ. ಬೆನ್ನು ಮಾಡಿದಾಗ ಸದ್ದು ಇಳಿದರೆ ಬೀಮ್‌ಫಾರ್ಮಿಂಗ್ ಕೆಲಸ ಮಾಡುತ್ತಿರಬಹುದು. ಇಳಿಯದಿದ್ದರೆ ಮೊದಲು ಬಡ್ ತಿರುಗಿಸಿ ನೋಡಿ. ಎರಡು ಮೈಕ್‌ಗಳ ಗೆರೆ ಬಾಯಿಯ ಕಡೆಗೆ ಇರಬೇಕು. ಬಡ್ ಜಾರಿ ಅದು ಬೇರೆ ಕಡೆ ತಿರುಗಿದ್ದರೆ ಲೆಕ್ಕ ತಪ್ಪುತ್ತದೆ.