ಹೆಬ್ರಿ ಚಿಕ್ಕದು, ಹಾಗಂತ ಸ್ಯಾಂಪಲ್ ಚಿಕ್ಕದಾಗುವುದಿಲ್ಲ

ಕಳೆದ ತಿಂಗಳು ಒಂದು ಸಂಸ್ಥೆಯವರು ಸರ್ವೆ ಮಾಡುವ ನಮ್ಮ ಆಫೀಸಿಗೆ ಬಂದಿದ್ದರು. ಉಡುಪಿ ಜಿಲ್ಲೆಯಲ್ಲಿ ಬಾವಿ ಇರುವ ನೂರು ಮನೆಗಳಲ್ಲಿ ಎಷ್ಟು ಮನೆಯ ಬಾವಿ ಏಪ್ರಿಲ್-ಮೇ ಹೊತ್ತಿಗೆ ಬತ್ತುತ್ತದೆ ಅಂತ ಅವರಿಗೆ ತಿಳಿಯಬೇಕಿತ್ತು. ಒಳ್ಳೆಯ ಪ್ರಶ್ನೆ, ಕೇಳಲೇಬೇಕಾದದ್ದು. ಒಂದು ಹಾಳೆಯಲ್ಲಿ ಲೆಕ್ಕವನ್ನೂ ಬರೆದುಕೊಂಡು ಬಂದಿದ್ದರು: ಒಟ್ಟು 400 ಮನೆ, ಏಳು ತಾಲೂಕು, ಪ್ರತಿ ತಾಲೂಕಿಗೂ ಬೇರೆ ಬೇರೆ ಉತ್ತರ, ಅದೂ ಹೆಚ್ಚು ಕಡಿಮೆ 5ರ ಒಳಗೆ, ಅಂದರೆ ನಿಜಕ್ಕಿಂತ ಹೆಚ್ಚೆಂದರೆ 5 ಮೇಲೆ ಅಥವಾ 5 ಕೆಳಗೆ.

ಈ ಹಾಳೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸಂಸ್ಥೆ ಬೇರೆ, ಪ್ರಶ್ನೆ ಬೇರೆ, ತಪ್ಪು ಮಾತ್ರ ಅದೇ.

400 ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಈ ಸೂತ್ರದಿಂದ:

```
n = 1.96² × p × (1 − p) / e²
```

`n` ಅಂದರೆ ಕೇಳಬೇಕಾದ ಮನೆಗಳು, `p` ಬರಬಹುದಾದ ಉತ್ತರ, `e` ನಾವು ಒಪ್ಪಿಕೊಳ್ಳುವ ಓಲಾಟ. 1.96 ಇರುವುದು ನೂರರಲ್ಲಿ 95 ಸಲ ಉತ್ತರ ಆ ಓಲಾಟದ ಒಳಗೇ ಬರಲಿ ಅಂತ. ಉತ್ತರ ಎಷ್ಟಿರಬಹುದು ಅಂತ ಏನೂ ಗೊತ್ತಿಲ್ಲದಾಗ `p` ಜಾಗದಲ್ಲಿ 0.5 ಹಾಕುತ್ತೇವೆ. ಅದು ಅತಿ ಹೆಚ್ಚು ಸ್ಯಾಂಪಲ್ ಕೇಳುವ ಬೆಲೆ, ಹಾಗಾಗಿ ಸುರಕ್ಷಿತ. `e` ಜಾಗದಲ್ಲಿ 0.05 ಹಾಕಿದರೆ 384.16 ಬರುತ್ತದೆ, ಅಂದರೆ 385. ಅದನ್ನು 400 ಮಾಡಿಕೊಳ್ಳುತ್ತಾರೆ. ಇಲ್ಲಿಯವರೆಗೆ ತಪ್ಪಿಲ್ಲ. ಆದರೆ ಈ 385 ಒಂದು ಉತ್ತರದ ಬೆಲೆ. ಜಿಲ್ಲೆಗೆ ಒಂದೇ ಉತ್ತರ ಸಾಕು ಅಂದರೆ 385 ಮನೆ. ಏಳು ಉತ್ತರ ಬೇಕು, ಏಳೂ 5ರ ಒಳಗೇ ಇರಬೇಕು ಅಂದರೆ 385ನ್ನು ಏಳರಿಂದ ಭಾಗಿಸುವುದಲ್ಲ, ಗುಣಿಸುವುದು. 400ನ್ನು ಏಳಕ್ಕೆ ಹಂಚಿದರೆ ತಾಲೂಕಿಗೆ 57 ಮನೆ ಸಿಗುತ್ತದೆ. 57 ಮನೆಯಿಂದ ಬರುವ ಉತ್ತರ ಹೆಚ್ಚು ಕಡಿಮೆ 13ರಷ್ಟು ಓಲಾಡುತ್ತದೆ. 50 ಅಂತ ಬಂದರೆ ನಿಜ 37 ಇರಬಹುದು, 63 ಇರಬಹುದು.

ಬಂದವರಲ್ಲಿ ಒಬ್ಬರು ಹಿರಿಯರು ಕೇಳಿದರು, "ಅಲ್ಲ ಮಾರಾಯ್ರೆ, ಅನ್ನ ಬೆಂದಿದೆಯಾ ನೋಡ್ಲಿಕ್ಕೆ ಒಂದು ಅಗುಳು ಹಿಚುಕಿದ್ರೆ ಸಾಕಲ್ವಾ?" ಸಾಕು. ಆದರೆ ನೀವು ಏಳು ಒಲೆಯ ಮೇಲೆ ಏಳು ಪಾತ್ರೆ ಇಟ್ಟಿದ್ದೀರಿ, ಒಂದರಲ್ಲಿ ಕುಚ್ಚಲಕ್ಕಿ, ಒಂದರಲ್ಲಿ ಬೆಳ್ತಿಗೆ. ಕಾಪುವಿನ ಪಾತ್ರೆಯಿಂದ ಅಗುಳು ತೆಗೆದು ಹೆಬ್ರಿಯ ಅನ್ನ ಬೆಂದಿದೆ ಅಂತ ಹೇಳುವುದು ಹೇಗೆ?

ಅವರು ಒಪ್ಪಿದರು. ಒಪ್ಪಿದ ಮರುಕ್ಷಣ ಮುಂದಿನ ಪ್ರಶ್ನೆ ಬಂತು. ಇದೇ ನನ್ನನ್ನು ಸುಸ್ತು ಮಾಡುವ ಪ್ರಶ್ನೆ: "ಆಯ್ತು ಸರ್, ಆದ್ರೆ ಹೆಬ್ರಿ ಚಿಕ್ಕ ತಾಲೂಕು. ಅಲ್ಲಿಗೆ ಕಡಿಮೆ ಮನೆ ಸಾಕಲ್ವಾ? ಕುಂದಾಪುರಕ್ಕೆ ಜಾಸ್ತಿ ಹಾಕುವ."

ಸಾಕಾಗುವುದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಯಾಕೆಂದರೆ ಕಲಿತವರೂ ಎಡವುವುದು ಇಲ್ಲೇ. ಮೇಲಿನ ಸೂತ್ರವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ತಾಲೂಕಿನಲ್ಲಿ ಎಷ್ಟು ಮನೆಗಳಿವೆ ಅನ್ನುವುದು ಎಲ್ಲಿಯೂ ಇಲ್ಲ. ಉತ್ತರ ಎಷ್ಟು ಓಲಾಡುತ್ತದೆ ಅನ್ನುವುದನ್ನು ತೀರ್ಮಾನಿಸುವುದು ನೀವು ಎಷ್ಟು ಮನೆಗೆ ಹೋಗಿ ಕೇಳಿದಿರಿ ಅನ್ನುವುದು. ಕೇಳದೆ ಬಿಟ್ಟ ಮನೆಗಳ ಸಂಖ್ಯೆಗೆ ಅದರಲ್ಲಿ ಪಾತ್ರ ಬಹಳ ಕಡಿಮೆ. ಗುಂಪು ಚಿಕ್ಕದಾದಾಗ ಸ್ವಲ್ಪ ರಿಯಾಯಿತಿ ಸಿಗುವುದು ನಿಜ. ಅದಕ್ಕೊಂದು ತಿದ್ದುಪಡಿ ಇದೆ, ಲೆಕ್ಕ ಹಾಕಿಯೇ ನೋಡಿ. ಒಂದು ತಾಲೂಕಿನಲ್ಲಿ ಬಾವಿ ಇರುವ ಮನೆ 60,000 ಅಂತ ಇಟ್ಟುಕೊಳ್ಳೋಣ: 382 ಮನೆ ಬೇಕು. ಇನ್ನೊಂದರಲ್ಲಿ 20,000: 377 ಬೇಕು. ಗಾತ್ರ ಮೂರನೇ ಒಂದು ಪಾಲಾಯಿತು, ಸ್ಯಾಂಪಲ್‌ನಲ್ಲಿ ಕಡಿಮೆಯಾದದ್ದು ಐದೇ ಮನೆ! ರಿಯಾಯಿತಿ ಕಣ್ಣಿಗೆ ಕಾಣಬೇಕಾದರೆ ಗುಂಪು ತುಂಬಾ ಚಿಕ್ಕದಿರಬೇಕು. 1,000 ಮನೆಯ ಗ್ರಾಮಕ್ಕೆ 278 ಸಾಕು, 300 ಮನೆಯ ವಾರ್ಡಿಗೆ 169. ತಾಲೂಕು ಅಷ್ಟು ಚಿಕ್ಕದಿರುವುದಿಲ್ಲ.

ಇದನ್ನು ಇನ್ನೊಂದು ರೀತಿಯಲ್ಲೂ ನೋಡಬಹುದು. 1997ರಲ್ಲಿ ಉಡುಪಿ ಜಿಲ್ಲೆ ಆದಾಗ ಮೂರೇ ತಾಲೂಕು: ಉಡುಪಿ, ಕುಂದಾಪುರ, ಕಾರ್ಕಳ. ಆಮೇಲೆ ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ಸೇರಿ ಏಳಾಯಿತು. ಗಡಿ ಎಳೆದದ್ದರಿಂದ ಜಿಲ್ಲೆಗೆ ಒಂದು ಮನೆಯೂ ಹೆಚ್ಚಾಗಲಿಲ್ಲ, ಒಂದು ಬಾವಿಯೂ ಹೆಚ್ಚಾಗಲಿಲ್ಲ. ಆದರೆ "ಪ್ರತಿ ತಾಲೂಕಿಗೂ ಬೇರೆ ಉತ್ತರ" ಅನ್ನುವ ಸರ್ವೆಯ ಗಾತ್ರ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಖರ್ಚು ಬರುವುದು ನೀವು ಕೇಳುವ ಉತ್ತರಗಳ ಸಂಖ್ಯೆಯಿಂದ.

ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಸಂಸ್ಥೆಗೆ ಇಂಥದ್ದೇ ವರದಿ ಮಾಡಿದ್ದೆವು. ತಾಲೂಕಿಗೆ 57 ಮನೆ. ಒಂದು ತಾಲೂಕಿನಲ್ಲಿ 23 ಮನೆಯವರು ಬಾವಿ ಬತ್ತುತ್ತದೆ ಅಂದರು, ಇನ್ನೊಂದರಲ್ಲಿ 31 ಮನೆಯವರು. ಶೇಕಡಾ 40 ಮತ್ತು 54. ವರದಿ ಓದಿದವರು ಟ್ಯಾಂಕರ್ ನೀರಿನ ಹಣವನ್ನೆಲ್ಲ 54ರ ತಾಲೂಕಿಗೆ ಕೊಟ್ಟುಬಿಟ್ಟರು. ವ್ಯತ್ಯಾಸ ಇದ್ದದ್ದು ಎಂಟು ಮನೆ. ಎರಡು ಗುಂಪುಗಳನ್ನು ಹೋಲಿಸುವಾಗ ಎರಡರ ಓಲಾಟವೂ ಸೇರುತ್ತದೆ, ಹಾಗಾಗಿ ಅಲ್ಲಿ 14ರ ವ್ಯತ್ಯಾಸಕ್ಕೆ ಹೆಚ್ಚು ಕಡಿಮೆ 18ರ ಓಲಾಟದ ಅಂತರ ಇತ್ತು. ಅಂದರೆ ವ್ಯತ್ಯಾಸವೇ ಇಲ್ಲದಿರಬಹುದಿತ್ತು. ನೀರು ಸಿಗದ ತಾಲೂಕಿನವರ ಮುಖ ನೆನಪಾದರೆ ಈಗಲೂ ಬೇಸರವಾಗುತ್ತದೆ. ಪ್ರತಿ ಗುಂಪಿನಲ್ಲೂ 385 ಇದ್ದರೂ ಹೋಲಿಕೆಯ ಅಂತರ 5 ಅಲ್ಲ, ಸುಮಾರು 7. ಯಾವ ತಾಲೂಕಿಗೆ ಮೊದಲು ಅಂತ ತೀರ್ಮಾನಿಸುವುದೇ ಉದ್ದೇಶವಾದರೆ ಇದನ್ನು ಮೊದಲೇ ಹೇಳಿಬಿಡಿ, ಪ್ಲಾನ್ ಬೇರೆಯಾಗುತ್ತದೆ.

ಈಗ 385ರ ಮೇಲೆ ಇನ್ನೆರಡು ಹೊರೆ ಬೀಳುತ್ತದೆ. ಮೊದಲನೆಯದು, ಸೂತ್ರ ಹೇಳುವ 385 ಮನೆಗಳು ತಾಲೂಕಿನ ಉದ್ದಗಲಕ್ಕೂ ಚೀಟಿ ಎತ್ತಿದ ಹಾಗೆ ಚದುರಿರಬೇಕು. ಯಾರೂ ಹಾಗೆ ಸರ್ವೆ ಮಾಡುವುದಿಲ್ಲ, ಬೈಕ್ ಪೆಟ್ರೋಲಿಗೇ ಬಜೆಟ್ ಮುಗಿಯುತ್ತದೆ. ಕೆಲವು ಜಾಗ ಆರಿಸಿ, ಒಂದೊಂದು ಜಾಗದಲ್ಲಿ ಹತ್ತು ಮನೆ ಕೇಳುತ್ತೇವೆ. ಬಾವಿಯ ವಿಷಯದಲ್ಲಿ ಇದರ ಪರಿಣಾಮ ಜೋರು. ಮುರಕಲ್ಲಿನ ಗುಡ್ಡದ ಮೇಲೆ ಒಂದು ಮನೆಯ ಬಾವಿ ಬತ್ತಿದರೆ ಪಕ್ಕದ ಮನೆಯದ್ದೂ ಬತ್ತಿರುವ ಸಾಧ್ಯತೆ ಜಾಸ್ತಿ. ಕೆಳಗೆ ಗದ್ದೆಯ ಬದಿಯಲ್ಲಿ ಹತ್ತೂ ಮನೆಯಲ್ಲಿ ನೀರಿರುತ್ತದೆ. ಹತ್ತು ಮನೆ ಕೇಳಿದರೂ ಸಿಕ್ಕಿದ್ದು ಹತ್ತು ಹೊಸ ಮಾಹಿತಿ ಅಲ್ಲ. ಇದಕ್ಕೆ ಡಿಸೈನ್ ಎಫೆಕ್ಟ್ ಅನ್ನುತ್ತಾರೆ. ನಾನು ಇಲ್ಲಿ 1.5 ಹಿಡಿದೆ. ಬಾವಿಗೆ ಇದು ಸಾಲದೆಯೂ ಹೋಗಬಹುದು, ಹಾಗಾಗಿ ಮೊದಲು ನಾಲ್ಕೈದು ಜಾಗದಲ್ಲಿ ಸಣ್ಣದಾಗಿ ಕೇಳಿ ನೋಡುವುದು ಒಳ್ಳೆಯದು. 385ನ್ನು 1.5ರಿಂದ ಗುಣಿಸಿದರೆ 578.

ಎರಡನೆಯದು, ಬಾಗಿಲು ತೆಗೆಯದ ಮನೆಗಳು. ಮುಂಬೈಯಲ್ಲೋ ಗಲ್ಫಿನಲ್ಲೋ ಇರುವವರ ಬೀಗ ಹಾಕಿದ ಮನೆ ನಮ್ಮಲ್ಲಿ ಕಡಿಮೆಯೇ? ನೂರಕ್ಕೆ ಹತ್ತು ಸಿಗುವುದಿಲ್ಲ ಅಂತ ಹಿಡಿದರೆ 578ನ್ನು 0.9ರಿಂದ ಭಾಗಿಸಬೇಕು, 643. ಇದು ಒಂದು ತಾಲೂಕಿಗೆ. ಏಳಕ್ಕೆ 4,501.

ಹಾಳೆಯ ಮೇಲೆ 400, ನನ್ನ ಲೆಕ್ಕದಲ್ಲಿ 4,501. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಎಂತ ಸರ್, ಹನ್ನೊಂದು ಪಟ್ಟು!" ಅಂದರು ಹಿರಿಯರು.

ನಾನು ಬಿಳಿ ಹಾಳೆ ತೆಗೆದು ಖಾಲಿ ಕೋಷ್ಟಕ ಬರೆಯಲು ಹೇಳಿದೆ. ವರದಿಯಲ್ಲಿ ಕೊನೆಗೆ ಅಚ್ಚಾಗುವ ಕೋಷ್ಟಕ, ಅಂಕಿಗಳ ಜಾಗ ಮಾತ್ರ ಖಾಲಿ. ಅದರ ಎಷ್ಟು ಚೌಕಗಳಲ್ಲಿ ಹೆಚ್ಚು ಕಡಿಮೆ 5 ಇರಲೇಬೇಕು? ಆ ಅಂಕಿ ಇಟ್ಟುಕೊಂಡು ಯಾರು ಏನು ಮಾಡುತ್ತಾರೆ? ಬರೆಯುತ್ತಾ ಹೋದಂತೆ ಅವರಿಗೇ ಗೊತ್ತಾಯಿತು, ತಾಲೂಕು ಅನ್ನುವುದು ಅಭ್ಯಾಸದಿಂದ ಬಂದ ಮಾತು. ನೀರಿಗೆ ತಾಲೂಕಿನ ಗಡಿ ಗೊತ್ತಿಲ್ಲವಲ್ಲ. ಅವರ ಕೆಲಸ ನಿಜವಾಗಿ ಹಂಚಿಹೋಗುವುದು ಮೂರು ಕಡೆ: ಕಡಲ ಬದಿ, ನಡುಭಾಗ, ಘಟ್ಟದ ಬುಡ. ಕಡಲ ಬದಿಯಲ್ಲಿ ಉಪ್ಪು ನೀರಿನ ಸಮಸ್ಯೆ, ಉಳಿದ ಕಡೆ ಬತ್ತುವ ಸಮಸ್ಯೆ. ಮೂರು ಗುಂಪು, ಪ್ರತಿಯೊಂದಕ್ಕೂ 7ರ ಅಂತರ ಸಾಕು ಅಂತ ಒಪ್ಪಿದರು. ಸೂತ್ರದಿಂದ 196, ಡಿಸೈನ್ ಎಫೆಕ್ಟ್ ಸೇರಿ 294, ಸಿಗದ ಮನೆ ಸೇರಿ 327. ಮೂರಕ್ಕೆ 981. ಇಡೀ ಜಿಲ್ಲೆಯ ಉತ್ತರ ಸುಮಾರು 4ರ ಅಂತರದಲ್ಲಿ, ಗುಂಪಿನ ಗಾತ್ರಕ್ಕೆ ತಕ್ಕ ತೂಕ ಕೊಟ್ಟ ಮೇಲೆ ಸ್ವಲ್ಪ ಜಾಸ್ತಿ ಅಂತರದಲ್ಲಿ, ಇದರಿಂದಲೇ ಸಿಗುತ್ತದೆ.

ತಾಲೂಕುವಾರು ಬೇಕೇ ಬೇಕು ಅಂದಿದ್ದರೆ ಅಂತರವನ್ನು 10ಕ್ಕೆ ಬಿಡಬೇಕಿತ್ತು. ಆಗ ಇದೇ ರೀತಿ ಲೆಕ್ಕ ಹಾಕಿದರೆ ಒಟ್ಟು 1,141 ಮನೆ. ಅದೂ ತಪ್ಪಲ್ಲ, ವರದಿಯಲ್ಲಿ 10 ಅಂತ ಸ್ಪಷ್ಟವಾಗಿ ಬರೆದರೆ.

ತೂಕ ಅಂದೆನಲ್ಲ, ಅದನ್ನು ಮರೆತು ಕೆಡುವ ವರದಿಗಳೂ ಇವೆ. ದೊಡ್ಡ ಗುಂಪಿಗೂ ಚಿಕ್ಕ ಗುಂಪಿಗೂ ಸಮ ಸ್ಯಾಂಪಲ್ ಹಾಕಿದ ಮೇಲೆ ಎಲ್ಲವನ್ನೂ ಸುಮ್ನೆ ಕೂಡಿಸಿ ಜಿಲ್ಲೆಯ ಸರಾಸರಿ ಅನ್ನುವ ಹಾಗಿಲ್ಲ. 60,000 ಮನೆಯ ಕಡೆ ಶೇಕಡಾ 20 ಬಾವಿ ಬತ್ತುತ್ತದೆ, 20,000 ಮನೆಯ ಕಡೆ ಶೇಕಡಾ 60 ಅನ್ನೋಣ. ಸುಮ್ನೆ ಕೂಡಿಸಿದರೆ 40 ಬರುತ್ತದೆ. ನಿಜ ಏನು? ಅಲ್ಲಿ 12,000 ಮನೆ, ಇಲ್ಲಿ 12,000 ಮನೆ, ಒಟ್ಟು 80,000ದಲ್ಲಿ 24,000, ಅಂದರೆ 30. ಸ್ಯಾಂಪಲ್ ಹಂಚುವಾಗ ಬೇಡ ಅಂದ ಗುಂಪಿನ ಗಾತ್ರ ಬೇಕಾಗುವುದು ಇಲ್ಲಿ.

ಎಲ್ಲ ಮುಗಿಯಿತು, ಪ್ರಶ್ನಾವಳಿ ಅಚ್ಚಿಗೆ ಹೋಯಿತು ಅನ್ನುವಾಗ ಹಿರಿಯರ ಫೋನ್ ಬಂತು. "ಸರ್, ಒಂದು ಸಣ್ಣ ವಿಷಯ. ಹೆಂಗಸರೇ ಯಜಮಾನರಾಗಿರುವ ಮನೆಗಳದ್ದು ಮೂರೂ ಕಡೆ ಬೇರೆ ತೋರಿಸಬಹುದಾ?"

ಹತ್ತರಲ್ಲಿ ಒಂದು ಅಂಥ ಮನೆ ಅಂತ ಹಿಡಿದರೆ ಒಂದೊಂದು ಕಡೆ ಉತ್ತರ ಸಿಗುವ 294ರಲ್ಲಿ ಅಂಥವು 29. ಅಂತರ ಹೆಚ್ಚು ಕಡಿಮೆ 18. ಬೇರೆ ತೋರಿಸುವ ಹಾಗಿಲ್ಲ ಅಂದೆ. ಇಡೀ ಜಿಲ್ಲೆಗೆ ಸೇರಿಸಿದರೆ 88 ಮನೆ, ಹತ್ತು ಹನ್ನೊಂದರ ಅಂತರದಲ್ಲಿ ಒಂದು ಮಾತು ಹೇಳಬಹುದು. ಅದಕ್ಕಿಂತ ಚೆನ್ನಾಗಿ ಬೇಕಾದರೆ ಅಂಥ ಮನೆಗಳನ್ನೇ ಹುಡುಕಿಕೊಂಡು ಹೋಗಬೇಕು, ಒಂದು ಮನೆ ಸಿಗಲು ಹತ್ತು ಬಾಗಿಲು ತಟ್ಟಬೇಕು.

ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಜಿಲ್ಲೆಗೆ ಒಂದೇ ಸಾಲು ಸಾಕು, 11 ಅಂತ ಪಕ್ಕದಲ್ಲಿ ಬರೆದುಬಿಡಿ" ಅಂದರು. ಖಾಲಿ ಕೋಷ್ಟಕದ ಕೆಳಗೆ ಆ ಸಾಲು ಸೇರಿಸಿದೆ.