ಡೈ ಹಚ್ಚುವ ಹಿಂದಿನ ರಾತ್ರಿಯ ಕೊಬ್ಬರಿ ಎಣ್ಣೆ

ಡಿಸೆಂಬರ್‌ನಲ್ಲಿ ಹಾಸನದ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವ ಎಣ್ಣೆ. ನಮ್ಮ ಅತ್ತಿಗೆ ಅರಸೀಕೆರೆಯ ತವರಿನಿಂದ ತಂದ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿ, ತಲೆತುಂಬ ಸುರಿದುಕೊಂಡು ಮಲಗಿದರು. ಬೆಳಿಗ್ಗೆ ಎದ್ದು ಅದರ ಮೇಲೇ ಡೈ ಹಚ್ಚಿದರು. ಸಂಜೆಗೆ ಮದುವೆಯ ಆರತಕ್ಷತೆ. ಕನ್ನಡಿ ಮುಂದೆ ನಿಂತು ನೋಡಿದರೆ ಕಿವಿಯ ಮೇಲಿನ ಬಿಳಿ ಕೂದಲು ಅಲ್ಲಲ್ಲಿ ಮಾಸಲು ಕಂದು.

“ಎಣ್ಣೆ ಹಚ್ಚಿದ್ರೆ ಕೂದಲು ಹಾಳಾಗಲ್ಲ ಅಂತ ಎಲ್ರೂ ಹೇಳ್ತಾರಲ್ಲೇ, ಬಣ್ಣನೇ ಹಿಡೀಲಿಲ್ಲ ನೋಡು” ಅಂದರು.

ಎರಡೂ ಮಾತು ನಿಜವೇ. ಎಣ್ಣೆ ಕೂದಲ ಒಳಗಿದೆಯೋ ಮೇಲಿದೆಯೋ ಎಂಬುದರ ಮೇಲೆ ಯಾವುದು ನಡೆಯುತ್ತದೆ ಅನ್ನೋದು ನಿಂತಿದೆ.

ಕೂದಲ ಹೊರಮೈ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಪದರ. ಕ್ರೀಮ್ ಡೈಯಲ್ಲಿರುವ ಅಮೋನಿಯಾ ಆ ಹುರುಪೆಗಳನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಒಳನುಗ್ಗುವುದು ಕಪ್ಪು ಬಣ್ಣವಲ್ಲ, ಪಿಪಿಡಿ ಎಂಬ ರಾಸಾಯನಿಕದಂಥ ಪುಟ್ಟ, ಬಣ್ಣವಿಲ್ಲದ ಅಣುಗಳು. ಜೊತೆಗೇ ಹೋದ ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ಒಳಗೇ ಒಂದಕ್ಕೊಂದು ಬೆಸೆದು ದೊಡ್ಡ ಕಪ್ಪು ಅಣುವಾಗಿಸುತ್ತದೆ. ಬಂದ ದಾರಿಯಲ್ಲಿ ವಾಪಸ್ ಹೋಗಲಾರದಷ್ಟು ದೊಡ್ಡದು, ಅದಕ್ಕೇ ತೊಳೆದರೂ ಬಣ್ಣ ಉಳಿಯುತ್ತದೆ. ಈ ಎಲ್ಲ ಸಾಮಾನೂ ನೀರಿನಲ್ಲೇ ಪಯಣ ಮಾಡುತ್ತದೆ. ಕೂದಲ ಮೇಲೆ ಎಣ್ಣೆಯ ದಪ್ಪ ಪೊರೆ ಇದ್ದರೆ ಡೈ ಅದರ ಮೇಲೇ ತೇಲುತ್ತದೆ. ಕ್ರೀಮ್ ಡೈಯಲ್ಲಿ ಸೋಪಿನಂಥ ಅಂಶ ಇರುವುದರಿಂದ ತೆಳು ಜಿಡ್ಡನ್ನು ಅದೇ ಕಲಸಿ ಸರಿಸಿಬಿಡುತ್ತದೆ. ಕಲಸಿದ ಮದರಂಗಿಗೆ ಆ ಅನುಕೂಲ ಇಲ್ಲ, ಅದಕ್ಕೆ ಜಿಡ್ಡು ಹೆಚ್ಚು ಅಡ್ಡಿ.

ಇನ್ನು ಕಾಪಾಡುವ ವಿಚಾರ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದು ಚಿಕ್ಕದು, ನೆಟ್ಟಗಿನ ಸರಪಳಿ, ಆದ್ದರಿಂದ ರಾತ್ರಿಯಿಡೀ ಬಿಟ್ಟರೆ ಹುರುಪೆ ದಾಟಿ ಒಳಗಿಳಿಯುತ್ತದೆ. ಮಿನರಲ್ ಆಯಿಲ್ ಹಾಗೆ ಇಳಿಯುವುದಿಲ್ಲ. 2003ರಲ್ಲಿ ಮುಂಬೈನ ಆರತಿ ರೇಳೆ ಮತ್ತು ಆರ್. ಬಿ. ಮೊಹಿಲೆ ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆಗಳನ್ನು ಹೋಲಿಸಿ ನೋಡಿದರು. ಕೂದಲಿನಿಂದ ಸೋರಿಹೋಗುವ ಪ್ರೋಟೀನನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ, ಬ್ಲೀಚ್ ಮಾಡಿದ ಕೂದಲಲ್ಲೂ. ಅವರು ಎಣ್ಣೆ ಮಾರುವ ಕಂಪನಿಯವರೇ ಅನ್ನೋದನ್ನು ಮರೆಯಬಾರದು. ಅವರು ನೋಡಿದ್ದು ತಲೆ ತೊಳೆಯುವ ಮುಂಚೆ, ಆಮೇಲೆ ಹಚ್ಚಿದ ಎಣ್ಣೆಯನ್ನು, ಡೈಗೆ ಮುಂಚಿನದನ್ನಲ್ಲ.

ಕಾರಣ ಮಾತ್ರ ಸ್ಪಷ್ಟ. ನೀರು ಕುಡಿದಾಗ ಕೂದಲು ಊದುತ್ತದೆ, ಒಣಗಿದಾಗ ಕುಗ್ಗುತ್ತದೆ, ಈ ಎಳೆದಾಟದಲ್ಲಿ ಹುರುಪೆ ಏಳುತ್ತದೆ. ಒಳಗಿಳಿದ ಎಣ್ಣೆ ಈ ಊದುವಿಕೆಯನ್ನು ತಗ್ಗಿಸುತ್ತದೆ. ಆದರೆ ಪೆರಾಕ್ಸೈಡ್ ಕೂದಲ ಗಂಧಕದ ಬೆಸುಗೆಗಳನ್ನು ಒಡೆಯುತ್ತದಲ್ಲ, ಅದನ್ನು ಪೂರ್ತಿ ತಡೆಯುವ ಶಕ್ತಿ ಎಣ್ಣೆಗಿಲ್ಲ. ಪೆರಾಕ್ಸೈಡನ್ನೇ ತಡೆದರೆ ಬಣ್ಣವೂ ಕೂರುವುದಿಲ್ಲ.

ಅತ್ತಿಗೆಯ ಬಾಚಣಿಗೆಯಲ್ಲಿ ಸಿಕ್ಕ ಬಿಳಿ ಕೂದಲನ್ನು ಮೂರು ದಾರದಲ್ಲಿ ಕಟ್ಟಿ ನೋಡಿದೆವು. ಒಂದಕ್ಕೆ ಎಣ್ಣೆಯೇ ಇಲ್ಲ. ಎರಡನೆಯದಕ್ಕೆ ರಾತ್ರಿ ಎರಡು ಹನಿ ಸವರಿ, ಬೆಳಿಗ್ಗೆ ಶಾಂಪೂ ಹಾಕಿ ತೊಳೆದು ಒಣಗಿಸಿದ್ದು. ಮೂರನೆಯದು ಎಣ್ಣೆಯಲ್ಲಿ ಅದ್ದಿ ಹಾಗೇ ಬಿಟ್ಟದ್ದು. ಒಂದೇ ಬಟ್ಟಲ ಡೈ, ಒಂದೇ 30 ನಿಮಿಷ. ಮೊದಲೆರಡರಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂರನೆಯದು ಬಿಸಿಲಿಗೆ ಹಿಡಿದರೆ ಪಟ್ಟೆಪಟ್ಟೆ, ನಡುವೆ ಬಿಳಿ ಎಳೆಗಳು. ಒಂದೇ ಸಲದ ಅಡುಗೆಮನೆ ಪರೀಕ್ಷೆ, ಅಷ್ಟೇ ಬೆಲೆ.

ಅದಕ್ಕಿಂತ ಮುಖ್ಯವಾದದ್ದು ಅತ್ತಿಗೆಯ ತಲೆಯಲ್ಲೇ ಇತ್ತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬಿಳಿ ಕಾಣುವುದು ಬುಡದಲ್ಲಿ, ಅದು ಹೊಸ ಕೂದಲು, ಗಟ್ಟಿಮುಟ್ಟು. ಕೆಳಗಿನ ಉದ್ದ ಹತ್ತಾರು ಸಲ ಡೈ ತಿಂದು ಸವೆದದ್ದು. ಬಣ್ಣ ಬೇಕಾದ್ದು ಬುಡಕ್ಕೆ, ರಕ್ಷಣೆ ಬೇಕಾದ್ದು ತುದಿಗೆ. ಆದರೆ ಎಣ್ಣೆ ಸುರಿದುಕೊಳ್ಳುವಾಗ ನಾವೆಲ್ಲ ಮೊದಲು ಉಜ್ಜುವುದು ನೆತ್ತಿಯನ್ನೇ!

ಈಗ ಅವರು ಒಂದು ಚಮಚ ಎಣ್ಣೆಯನ್ನು ಕಿವಿಯಿಂದ ಕೆಳಗಿನ ಜಡೆಗೆ ಮಾತ್ರ ಸವರುತ್ತಾರೆ. ಬುಡಕ್ಕೆ ಡೈಯ ಹಿಂದಿನ ಎರಡು ದಿನ ಎಣ್ಣೆ ತಾಗಿಸುವುದಿಲ್ಲ. ಬುಡದ ಡೈ ತೊಳೆಯುವಾಗ ಅದು ಜಡೆಯ ಮೇಲೆ ಹರಿದರೂ ಅಲ್ಲಿ ಎಣ್ಣೆಯ ಪೊರೆ ಅಡ್ಡ ನಿಲ್ಲುತ್ತದೆ. ಅಲ್ಲಿ ಬಣ್ಣ ಹಿಡಿಯದಿದ್ದರೆ ಒಳ್ಳೆಯದೇ, ಮೊದಲೇ ಕಪ್ಪಿದೆ.