ತುಂಬಿದ ಮನೆಯಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಏಕಾಂತ ಸಿಗೋದು ಹೇಗೆ?

ಪ್ರಶ್ನೆ: ಮದುವೆಯಾಗಿ ಎಂಟು ತಿಂಗಳಾಯಿತು. ಮಂಡ್ಯದ ಹತ್ತಿರ ಹಳೇ ಹೆಂಚಿನ ಮನೆ. ಅತ್ತೆ, ಮಾವ, ಭಾವ, ಓರಗಿತ್ತಿ, ಅವರ ಮಕ್ಕಳು, ಅಜ್ಜಿ ಎಲ್ಲರೂ ಒಟ್ಟಿಗೇ ಇದ್ದೇವೆ. ನಮಗೆ ಅಂತ ಕೋಣೆ ಇದೆ. ಆದರೆ ಬಾಗಿಲು ಹಾಕಿದರೆ ಸಾಕು, ಯಾರಾದರೂ ತಟ್ಟುತ್ತಾರೆ. ಮಾತಾಡಿದರೆ ನಡುಮನೆಗೆ ಕೇಳಿಸುತ್ತದೆ. ಬೇರೆ ಮನೆ ಮಾಡುವ ಆಸೆಯಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಒಂದು ವಾರ ಗಮನಿಸಿ: ತಟ್ಟುವವರು ಯಾಕೆ ತಟ್ಟುತ್ತಾರೆ? ಎಷ್ಟೋ ಮನೆಗಳಲ್ಲಿ ಹೊಸ ಜೋಡಿಯ ಕೋಣೆಯೇ ಎಲ್ಲರ ಉಗ್ರಾಣ. ಅತ್ತೆಯ ಬೀರು, ಮಕ್ಕಳ ಸ್ಕೂಲ್ ಬ್ಯಾಗು, ಇಸ್ತ್ರಿ ಪೆಟ್ಟಿಗೆ, ನೆಂಟರಿಗೆ ಹಾಸುವ ಹಾಸಿಗೆ ಎಲ್ಲವೂ ಅಲ್ಲೇ. ಅವರು ನಿಮ್ಮನ್ನು ನೋಡಲು ಬರುತ್ತಿಲ್ಲ, ಸಾಮಾನಿಗೆ ಬರುತ್ತಿದ್ದಾರೆ. ಹಾಗಿದ್ದರೆ ದಿನಾ ಬೇಕಾಗುವ ಸಾಮಾನನ್ನು ಹೊರಗೆ ಸಾಗಿಸಿ. ಬೀರು ನಡುಮನೆಗೆ ಹೋದರೆ ಅರ್ಧ ತೊಂದರೆ ಹೋದಂತೆ. ಇದಕ್ಕೆ ಜಗಳ ಬೇಡ. "ಅತ್ತೆ, ನಿಮಗೆ ಕೈಗೆ ಸಿಗೋ ಹಾಗಿರಲಿ" ಅಂದರೆ ಅದು ಸುಳ್ಳೂ ಅಲ್ಲ.

ಇನ್ನು ಸದ್ದು. ಹಳೇ ಹೆಂಚಿನ ಮನೆಗಳಲ್ಲಿ ಒಳಗೋಡೆ ಎಷ್ಟೋ ಸಲ ಮೇಲಿನ ತನಕ ಹೋಗಿರುವುದಿಲ್ಲ. ಗೋಡೆಗೂ ಹೆಂಚಿಗೂ ನಡುವಿನ ಜಾಗದಿಂದ ಮಾತು ಆಚೆ ದಾಟುತ್ತದೆ. ಪರದೆ ಕಟ್ಟಿದರೆ ಕಣ್ಣಿಗೆ ಮಾತ್ರ ಮರೆ. ಥರ್ಮಾಕೋಲ್ ಹಗುರ, ಅದು ಸದ್ದು ತಡೆಯದು. ತಡೆಯುವುದು ಭಾರವಾದ ವಸ್ತು: ಇಟ್ಟಿಗೆ ಅಥವಾ ಚೌಕಟ್ಟಿನ ಎರಡೂ ಬದಿಗೆ ಹೊಡೆದ ಸಿಮೆಂಟ್ ಹಲಗೆ. ಸಂದು ಉಳಿದರೆ ಅಲ್ಲಿಂದಲೇ ಸದ್ದು ಸೋರುತ್ತದೆ, ಬಾಗಿಲ ಕೆಳಗಿನ ಸಂದೂ ಸೇರಿ. ಮಣ್ಣಿನ ಗೋಡೆಯಾದರೆ ಅದು ಭಾರ ತಡೆಯುತ್ತದೆಯೇ ಅಂತ ಗಾರೆಯವರಿಗೆ ಮೊದಲು ತೋರಿಸಿ. ಗಾಳಿ ಆಡುತ್ತಿದ್ದದ್ದೂ ಅದೇ ಜಾಗದಿಂದ ಅಲ್ವಾ, ಹಾಗಾಗಿ ಕೋಣೆಗೆ ಕಿಟಕಿ ಇಲ್ಲದಿದ್ದರೆ ಮುಚ್ಚಲೇಬೇಡಿ. ಅಷ್ಟು ಖರ್ಚು ಆಗದಿದ್ದರೆ ಮಂಚವನ್ನು ನಡುಮನೆಯ ಗೋಡೆಯಿಂದ ದೂರ, ಹೊರಗೋಡೆಯ ಕಡೆಗೆ ಸರಿಸಿ. ಸದ್ದು ಪೂರ್ತಿ ನಿಲ್ಲದು, ಪಿಸುಮಾತಾದರೂ ಕೋಣೆಯೊಳಗೇ ಉಳಿಯುತ್ತದೆ.

ಇನ್ನು ನಿಮ್ಮಿಬ್ಬರಿಗೇ ಅಂತ ಸ್ವಲ್ಪ ಹೊತ್ತು ಕೇಳುವ ಮಾತನ್ನು ನಿಮ್ಮ ಗಂಡ ಆಡಬೇಕು, ಅದೂ ತಮ್ಮ ತಾಯಿಯ ಹತ್ತಿರ. ಸೊಸೆ ಹೇಳಿದರೆ "ಬಂದ ಕೂಡಲೇ ಮಗನ್ನ ಬೇರೆ ಮಾಡ್ತಾಳೆ" ಅನ್ನೋ ಮಾತು ಹುಟ್ಟುತ್ತದೆ. ಇದು ನ್ಯಾಯವಲ್ಲ, ಆದರೆ ನಡೆಯುವುದು ಹೀಗೇ. "ನಮಗೂ ಏಕಾಂತ ಬೇಕು" ಅಂತ ಸುಮ್ನೆ ಹೇಳಿದರೆ ದೂರಿನ ಹಾಗೆ ಕೇಳುತ್ತದೆ. ಗೊತ್ತಾದ ಹೊತ್ತು ಹೇಳಲಿ: "ಅವ್ವ, ಭಾನುವಾರ ಊಟ ಆದ್ಮೇಲೆ ನಾವು ರೂಮಲ್ಲಿರ್ತೀವಿ, ನಾಕು ಗಂಟೆಗೆ ಕಾಫಿಗೆ ಬತ್ತೀವಿ." ನಾಲ್ಕಕ್ಕೆ ನೀವೇ ಎದ್ದು ಬಂದು ಕಾಫಿ ಇಡಿ. ಮಾತು ಉಳಿಸಿಕೊಂಡರೆ ಮುಂದಿನ ವಾರ ಯಾರೂ ಗಡಿಯಾರ ನೋಡುವುದಿಲ್ಲ. ಓರಗಿತ್ತಿಗೂ ಅಂಥ ಹೊತ್ತು ಸಿಗಲಿ. ಆಗ ಅವರ ಮಕ್ಕಳನ್ನು ನೀವು ನೋಡಿಕೊಳ್ಳಿ, ನಿಮ್ಮ ಹೊತ್ತಿನಲ್ಲಿ ಅವರೇ ಮಕ್ಕಳನ್ನು ಬಾಗಿಲಿನಿಂದ ಆಚೆ ಕರೆದುಕೊಂಡು ಹೋಗುತ್ತಾರೆ.

ಸಾಮಾನು ಹೊರಗಿಟ್ಟು, ಹೊತ್ತು ಹೇಳಿದ ಮೇಲೂ ಮನೆಯವರು ಚಿಲಕ ಹಾಕಬೇಡಿ ಅಂದರೆ, ಅದು ಜಾಗದ ಕೊರತೆಯಲ್ಲ. ಆಗ ಗಂಡ ಯಾರ ಪರ ಮಾತಾಡುತ್ತಾರೆ ಅನ್ನುವುದನ್ನು ನೀವಿಬ್ಬರೇ ಕೂತು ಬಗೆಹರಿಸಿಕೊಳ್ಳಬೇಕು. ಆ ಮಾತು ಮನೆಯೊಳಗೆ ಬೇಡ. ರೈಲು ಹತ್ತಿ ಮೈಸೂರಿಗೆ ಹೋಗಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ ಆಡಿ.